‘ಅಮ್ಮಾ ನೀರು, ಅಮ್ಮಾ ಸುಸ್ಸು’: 9ಕ್ಕೆ ಹಾಸಿಗೆ ಸೇರಿದ ಮಗು 11ಕ್ಕೆ ಮಲಗಿದರೆ

ಪ್ರಶ್ನೆ: ಮಗಳಿಗೆ 2 ವರ್ಷ 10 ತಿಂಗಳು. ಬೆಳಿಗ್ಗೆ 7:30ಕ್ಕೆ ಏಳುತ್ತಾಳೆ. ಪ್ಲೇಹೋಮ್‌ನಿಂದ 12:30ಕ್ಕೆ ಬಂದು, ಊಟ ಮಾಡಿ, ಆಟ ಆಡಿ 3 ಗಂಟೆಗೆ ಮಲಗಿದರೆ ಏಳುವುದು 5:15ಕ್ಕೆ. ರಾತ್ರಿ 9ಕ್ಕೆ ಹಾಸಿಗೆಗೆ ಕರೆದುಕೊಂಡು ಹೋಗುತ್ತೇನೆ. ಆಮೇಲೆ ಶುರು. ನೀರು, ಸುಸ್ಸು, ಇನ್ನೊಂದು ಕಥೆ, ಹೊಟ್ಟೆ ಹಸಿವು, ಸೊಳ್ಳೆ ಕಚ್ತು, ಅಜ್ಜಿ ಹತ್ರ ಹೋಗ್ತೀನಿ. 11 ಆಗುತ್ತೆ. ಕೊನೆಗೆ ನಾನು ಕಿರುಚುತ್ತೇನೆ, ಅವಳು ಅತ್ತು ಮಲಗುತ್ತಾಳೆ. ಗಂಡ ಕೆಲಸದಿಂದ ಬರುವುದೇ 8:45ಕ್ಕೆ. ಅತ್ತೆ ‘ನಿದ್ದೆ ಬಂದಾಗ ಮಲಗುತ್ತೆ ಬಿಡು’ ಅಂತಾರೆ. ನಮ್ಮಕ್ಕ ‘ಪಕ್ಕದಲ್ಲೇ ಮಲಗಿಸ್ಕೊಂಡಿದ್ದೀಯಲ್ಲ, ಅದಕ್ಕೇ ಹೀಗೆ, ಬೇರೆ ರೂಮಲ್ಲಿ ಬಿಟ್ಟು ಬಾಗಿಲು ಹಾಕು’ ಅಂತಾಳೆ. ಕೇಳಿದ್ದೆಲ್ಲ ಕೊಟ್ಟು ನಾನೇ ಕೆಡಿಸಿದೆನಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ನೀರೂ ಅಲ್ಲ, ಸುಸ್ಸೂ ಅಲ್ಲ. 5:15 ಅನ್ನೋ ಸಂಖ್ಯೆ.

ಸ್ವಲ್ಪ ಲೆಕ್ಕ ಹಾಕೋಣ. ರಾತ್ರಿ 11ರಿಂದ ಬೆಳಿಗ್ಗೆ 7:30ರವರೆಗೆ ಎಂಟೂವರೆ ಗಂಟೆ. ಮಧ್ಯಾಹ್ನ ಎರಡೂಕಾಲು. ಒಟ್ಟು ಹತ್ತೂಮುಕ್ಕಾಲು ಗಂಟೆ. 1ರಿಂದ 2 ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, 3ರಿಂದ 5 ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾತಜ್ಞರ ಅಕಾಡೆಮಿ 2016ರಲ್ಲಿ ಹೇಳಿದೆ, ಅದರಲ್ಲಿ ಹಗಲಿನ ನಿದ್ದೆಯೂ ಸೇರಿದೆ. ನಿಮ್ಮ ಮಗಳು ಮೂರರ ಹೊಸ್ತಿಲಲ್ಲಿದ್ದಾಳೆ. ಅಂದರೆ ಅವಳಿಗೆ ನಿದ್ದೆ ತೀರಾ ಕಮ್ಮಿಯೇನೂ ಆಗುತ್ತಿಲ್ಲ. ನಿದ್ದೆ ಜಾಗ ತಪ್ಪಿ ಕೂತಿದೆ, ಅಷ್ಟೆ.

ಸಂಜೆ 5:15ಕ್ಕೆ ಎದ್ದ ಮಗುವನ್ನು 9ಕ್ಕೆ ಮಲಗಿಸಿದರೆ ನಡುವೆ ನಾಲ್ಕು ಗಂಟೆಯೂ ಇಲ್ಲ. ಈ ವಯಸ್ಸಿನ ಹೆಚ್ಚಿನ ಮಕ್ಕಳಿಗೆ ರಾತ್ರಿ ನಿದ್ದೆಗೆ ಮುಂಚೆ ಐದಾರು ಗಂಟೆಯಾದರೂ ಎಚ್ಚರ ಬೇಕು, ಇದು ನಾನು ಕ್ಲಿನಿಕ್ಕಿನಲ್ಲಿ ದಿನಾ ನೋಡುವ ಮಾತು. ನಿದ್ದೆ ಅನ್ನೋದು ಹಸಿವಿನ ಥರ, ಎಚ್ಚರವಾಗಿದ್ದಷ್ಟು ಹೊತ್ತು ಮೆದುಳಲ್ಲಿ ಸೇರುತ್ತಾ ಹೋಗುತ್ತದೆ. ಸಂಜೆ ಹೊಟ್ಟೆ ತುಂಬಾ ತಿಂಡಿ ಕೊಟ್ಟು ಏಳಕ್ಕೆ ಊಟಕ್ಕೆ ಕೂರಿಸಿದರೆ ತಟ್ಟೆ ದೂಡುತ್ತಾಳಲ್ಲ, ಹಾಗೆ. ಇದರ ಜೊತೆಗೆ ದೇಹದ ಗಡಿಯಾರದ್ದು ಇನ್ನೊಂದು ತಮಾಷೆ ಇದೆ. ಸಹಜವಾಗಿ ನಿದ್ದೆ ಬರುವ ಹೊತ್ತಿಗೆ ಒಂದೆರಡು ಗಂಟೆ ಮುಂಚೆ ದೇಹ ಚುರುಕಾಗಿಬಿಡುತ್ತದೆ, ಆ ಹೊತ್ತಲ್ಲಿ ಮಲಗಿಸಲು ಹೋದರೆ ದೊಡ್ಡವರಿಗೂ ನಿದ್ದೆ ಬರುವುದಿಲ್ಲ. ನಿಮ್ಮ ಮಗಳ ಗಡಿಯಾರ ಈಗ 11ಕ್ಕೆ ನಿಂತಿದೆ. ನೀವು 9ಕ್ಕೆ ದೀಪ ಆರಿಸುತ್ತಿದ್ದೀರಿ. ರಾತ್ರಿ ಊಟವಾದ ಮೇಲೆ ಅವಳು ಹುಚ್ಚು ಹಿಡಿದಂತೆ ಮನೆಯೆಲ್ಲ ಓಡುತ್ತಾಳಾ? ಅದು ಈ ಚುರುಕಿನ ಹೊತ್ತೇ ಇರಬಹುದು.

ಹಾಗಿದ್ದ ಮೇಲೆ ಎರಡು ಗಂಟೆ ಕತ್ತಲಲ್ಲಿ ಎಚ್ಚರವಾಗಿ ಬಿದ್ದುಕೊಂಡಿರುವ ಮಗು ಏನು ಮಾಡಬೇಕು? ನೀರು ಕೇಳುತ್ತದೆ.

ಇನ್ನು ‘ನಾನೇ ಕೆಡಿಸಿದೆನಾ’ ಅನ್ನೋದು. ಕೊಟ್ಟದ್ದರಿಂದ ಕೆಡಲಿಲ್ಲ. ಕೊಡುವುದರಲ್ಲಿ ಲೆಕ್ಕ ತಪ್ಪಿದೆ, ಅದೂ ಎಲ್ಲರ ಮನೆಯಲ್ಲೂ ತಪ್ಪುವ ಲೆಕ್ಕವೇ. ಸೋಮವಾರ ಮೂರನೇ ಸಲ ಕೇಳಿದಾಗ ಕಥೆ ಸಿಗುತ್ತದೆ. ಮಂಗಳವಾರ ನೀವು ಗಟ್ಟಿಯಾಗಿರುತ್ತೀರಿ, ಎಂಟನೇ ಸಲಕ್ಕೆ ಅತ್ತಾಗ ಸಿಗುತ್ತದೆ. ಬುಧವಾರ ಅಜ್ಜಿ ಬಂದು ಎತ್ತಿಕೊಂಡು ಹೋಗುತ್ತಾರೆ. ಗಾಳ ಹಾಕಿ ಕೂತವನು ಯಾಕೆ ಎದ್ದು ಹೋಗುವುದಿಲ್ಲ ಹೇಳಿ? ಮೀನು ಪ್ರತಿ ಸಲ ಸಿಕ್ಕಿದರೆ ಬುಟ್ಟಿ ತುಂಬಿಸಿಕೊಂಡು ಹೋಗುತ್ತಿದ್ದ, ಒಂದೂ ಸಿಗದಿದ್ದರೆ ಬೇಜಾರಾಗಿ ಹೋಗುತ್ತಿದ್ದ. ಯಾವಾಗಲೋ ಒಂದು ಸಿಗುತ್ತದೆ, ಅದಕ್ಕೇ ಕೂತಿರುತ್ತಾನೆ. ಮಗು ಇದನ್ನು ಯೋಚಿಸಿ ಮಾಡುವುದಿಲ್ಲ, ನಾಟಕವೂ ಅಲ್ಲ. ಆದರೆ ಮಾತು ಈಗಷ್ಟೇ ಬಂದಿದೆ, ಯಾವ ಮಾತಿಗೆ ಅಮ್ಮ ಏಳುತ್ತಾಳೆ ಅಂತ ಅವಳಿಗೆ ಗೊತ್ತಾಗಿದೆ. ‘ಸುಸ್ಸು’ ಅಂದರೆ ಯಾವ ಅಮ್ಮನೂ ಮಲಗಿರುವುದಿಲ್ಲ, ಅಲ್ವಾ? ಹಾಸಿಗೆ ಒದ್ದೆಯಾದೀತು ಅನ್ನೋ ಭಯ ನಮಗೆ.

ನಿಮ್ಮ ಅಕ್ಕ ಹೇಳಿದ್ದಕ್ಕೆ ಬರುತ್ತೇನೆ. ಪಕ್ಕ ಮಲಗಿಸಿಕೊಳ್ಳುವುದು ಈ ತೊಂದರೆಗೆ ಕಾರಣ ಅಂತ ನಾನು ಹೇಳುವುದಿಲ್ಲ. ಭಾರತದಲ್ಲಿ ಹೆಚ್ಚಿನ ಮಕ್ಕಳು ಅಪ್ಪ ಅಮ್ಮನ ಕೋಣೆಯಲ್ಲೇ ಮಲಗುತ್ತಾರೆ. ಹದಿನೇಳು ದೇಶ ಪ್ರದೇಶಗಳ ಪುಟ್ಟ ಮಕ್ಕಳ ನಿದ್ದೆಯನ್ನು ಹೋಲಿಸಿದ ಒಂದು ಅಧ್ಯಯನ 2010ರಲ್ಲಿ ಬಂತು. ನ್ಯೂಜಿಲೆಂಡ್‌ನ ಮಕ್ಕಳು ಸರಾಸರಿ ಸಂಜೆ ಏಳೂವರೆಯ ಹೊತ್ತಿಗೇ ಹಾಸಿಗೆ ಸೇರುತ್ತಿದ್ದರು, ಹಾಂಗ್ ಕಾಂಗ್‌ನ ಮಕ್ಕಳು ಹತ್ತು ದಾಟಿದ ಮೇಲೆ. ಹಾಗಾಗಿ ಇಂಗ್ಲಿಷ್ ಪುಸ್ತಕ ನೋಡಿ ಏಳೂವರೆಗೇ ಮಲಗಿಸಬೇಕು ಅಂತ ಹೊರಟರೆ, ಅಪ್ಪ 8:45ಕ್ಕೆ ಬರುವ ಮನೆಯಲ್ಲಿ ಅದು ಆಗದ ಮಾತು. ಅಪ್ಪನ ಮುಖವನ್ನೇ ನೋಡದೆ ಮಲಗು ಅಂದರೆ ಯಾವ ಮಗು ಒಪ್ಪುತ್ತದೆ?

ಬಾಗಿಲು ಹಾಕಿ ಅಳಲು ಬಿಡುವ ದಾರಿ ಕೆಲವು ಮನೆಗಳಲ್ಲಿ ಕೆಲಸ ಮಾಡುತ್ತದೆ, ಸುಳ್ಳು ಹೇಳಬಾರದು. ಆದರೆ ಹುಟ್ಟಿದಾಗಿನಿಂದ ಪಕ್ಕದಲ್ಲಿ ಮಲಗಿದ ಮಗುವನ್ನು ಇದ್ದಕ್ಕಿದ್ದಂತೆ ಬೇರೆ ರೂಮಿನಲ್ಲಿ ಬಿಟ್ಟರೆ ಅದು ಒಂದು ಗಂಟೆ ಅಳುತ್ತದೆ, ಅತ್ತು ಅತ್ತು ವಾಂತಿ ಮಾಡಿಕೊಳ್ಳುವುದೂ ಉಂಟು, ಐವತ್ತನೇ ನಿಮಿಷಕ್ಕೆ ಅಜ್ಜಿ ತಡೆಯಲಾರದೆ ಬಾಗಿಲು ತೆಗೆಯುತ್ತಾರೆ. ಆಗ ಮಗು ಕಲಿಯುವುದು ಒಂದೇ, ಐವತ್ತು ನಿಮಿಷ ಅತ್ತರೆ ಬಾಗಿಲು ತೆರೆಯುತ್ತದೆ ಅಂತ. ಚಿಲಕವಂತೂ ಹಾಕಲೇಬೇಡಿ. ಅತ್ತೆಯವರ ದಾರಿಯೂ ಪೂರ್ತಿ ತಪ್ಪಲ್ಲ. ಬೆಳಿಗ್ಗೆ ಬೇಗ ಏಳಿಸುವ ಅಗತ್ಯವಿಲ್ಲದ, ರಾತ್ರಿ 11 ಆದರೂ ಯಾರಿಗೂ ಸಿಟ್ಟು ಬರದ ಮನೆಯಾದರೆ ಸುಮ್ನೆ ಬಿಡಬಹುದು. ನಿಮ್ಮ ಮನೆಯಲ್ಲಿ ದಿನಾ ಕಿರುಚಾಟದಲ್ಲಿ ಮುಗಿಯುತ್ತಿದೆ, ಅದಕ್ಕೆ ಬಿಡಬೇಡಿ ಅಂತಿದ್ದೇನೆ.

ಎರಡು ದಾರಿಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಒಂದು, ಗುಮ್ಮ ಬರ್ತಾನೆ ಅನ್ನೋದು. ಎರಡು ದಿನ ಪವಾಡದಂತೆ ಕೆಲಸ ಮಾಡುತ್ತದೆ. ಮೂರನೇ ದಿನದಿಂದ ಹಾಸಿಗೆಯೇ ಗುಮ್ಮನ ಜಾಗ ಆಗುತ್ತದೆ, ಸುಳ್ಳು ಬಾಯಾರಿಕೆಯ ಜಾಗದಲ್ಲಿ ನಿಜವಾದ ಭಯ ಬಂದು ಕೂರುತ್ತದೆ. ಇನ್ನೊಂದು, ನೆಗಡಿಗೆ ಅಂತ ಮನೆಯಲ್ಲಿರುವ ನಿದ್ದೆ ಬರಿಸುವ ಸಿರಪ್ಪನ್ನು ಒಂದು ಚಮಚ ಕೊಡುವುದು. ಅದರಲ್ಲಿ ಕೆಲವು ಚಿಕ್ಕ ಮಕ್ಕಳ ಉಸಿರಾಟವನ್ನೇ ನಿಧಾನ ಮಾಡಬಲ್ಲವು, ಕೆಲವು ಮಕ್ಕಳಿಗೆ ಉಲ್ಟಾ ಹೊಡೆದು ರಾತ್ರಿಯೆಲ್ಲ ಕುಣಿಸುತ್ತವೆ. ಮೆಲಟೋನಿನ್ ಗಮ್ಮಿ ಅಂತ ಆನ್‌ಲೈನಿನಲ್ಲಿ ಸಿಗುವುದೂ ಈ ಪಟ್ಟಿಗೇ ಸೇರಿಸಿಕೊಳ್ಳಿ, ಮಕ್ಕಳ ಡಾಕ್ಟರ್ ನೋಡಿ ಬರೆದುಕೊಡದೆ ಬೇಡ.

ಸರಿ, ಮಾಡಬೇಕಾದದ್ದೇನು? ಮೊದಲು ಗಡಿಯಾರ, ಆಮೇಲೆ ಶಿಸ್ತು. ಹೆಚ್ಚಿನವರು ಇದನ್ನು ತಿರುಗಿಸಿ ಮಾಡಿ ಸೋಲುತ್ತಾರೆ.

ಮಧ್ಯಾಹ್ನದ ನಿದ್ದೆಯನ್ನು ಈಗಿಗಿಂತ ಬೇಗ ಶುರು ಮಾಡಿಸಿ. 12:30ಕ್ಕೆ ಬಂದವಳಿಗೆ 1ರೊಳಗೆ ಊಟ, 1:30ಕ್ಕೆ ಹಾಸಿಗೆ, 3ಕ್ಕೆ ಎಬ್ಬಿಸುವುದು. ಮೊದಲ ದಿನಗಳಲ್ಲಿ 2ಕ್ಕೆ ಮಲಗಿದರೂ 3:30ಕ್ಕೆ ಎಬ್ಬಿಸಿ. ಮಲಗಿದ ಮಗುವನ್ನು ಎಬ್ಬಿಸಬಾರದು ಅಂತ ಅತ್ತೆ ಅನ್ನಬಹುದು. ಸಂಜೆ ನಾಲ್ಕರ ನಂತರದ ಒಂದೊಂದು ನಿಮಿಷವೂ ರಾತ್ರಿಯ ಖಾತೆಯಿಂದ ಕಳೆಯುತ್ತದೆ ಅಂತ ಅವರಿಗೆ ಹೇಳಿ. ತಟ್ಟಿ ಎಬ್ಬಿಸಬೇಡಿ. ಪರದೆ ಸರಿಸಿ, ಫ್ಯಾನ್ ಕಮ್ಮಿ ಮಾಡಿ, ಅಡುಗೆಮನೆಯ ಶಬ್ದ ಆಗಲಿ, ಹತ್ತು ನಿಮಿಷದಲ್ಲಿ ತಾನೇ ಹೊರಳುತ್ತಾಳೆ. ಅರ್ಧ ಗಂಟೆ ಮುಖ ಗಂಟು ಹಾಕಿಕೊಂಡಿರುತ್ತಾಳೆ, ಇರಲಿ. ನಿದ್ದೆ ಪೂರ್ತಿ ತಪ್ಪಿಸುವ ಆಸೆ ಬೇಡ, ಮೂರರ ಒಳಗಿನ ಹೆಚ್ಚಿನ ಮಕ್ಕಳಿಗೆ ಅದು ಬೇಕು. ತಪ್ಪಿದರೆ ಸಂಜೆ ಆರಕ್ಕೆ ಸೋಫಾ ಮೇಲೆ ಉರುಳುತ್ತಾಳೆ, ಅಲ್ಲಿಗೆ ಆ ರಾತ್ರಿ ಮುಗಿಯಿತು.

ಬೆಳಿಗ್ಗೆ 7ಕ್ಕೆ ಎಬ್ಬಿಸಿ, ಭಾನುವಾರವೂ. ಇದು ಕಷ್ಟ ಅಂತ ಗೊತ್ತು.

ರಾತ್ರಿಯದ್ದು ಕೇಳಿದರೆ ನಿಮಗೆ ವಿಚಿತ್ರ ಅನಿಸಬಹುದು. ಮೊದಲ ಮೂರು ರಾತ್ರಿ 9ಕ್ಕೆ ಮಲಗಿಸಲೇಬೇಡಿ, 10:30ಕ್ಕೆ ಮಲಗಿಸಿ. ಹಾಸಿಗೆಗೆ ಹೋದ ಇಪ್ಪತ್ತು ನಿಮಿಷದೊಳಗೆ ನಿದ್ದೆ ಬರಬೇಕು, ಅದೊಂದೇ ಮೊದಲ ವಾರದ ಗುರಿ. ಹಾಸಿಗೆ ಅಂದರೆ ಜಗಳ ಅಂತ ಅವಳ ತಲೆಯಲ್ಲಿ ಕೂತಿರುವುದು ಹಾಸಿಗೆ ಅಂದರೆ ನಿದ್ದೆ ಅಂತ ಬದಲಾಗಬೇಕು. ಎರಡು ಮೂರು ರಾತ್ರಿ ಸಾಲಾಗಿ ಬೇಗ ಮಲಗಿದರೆ 10:15 ಮಾಡಿ. ಮತ್ತೆ ಎರಡು ಮೂರು ರಾತ್ರಿ, 10:00. ಹೀಗೆ ಕಾಲು ಕಾಲು ಗಂಟೆ ಹಿಂದೆ ಬಂದರೆ ಸುಮಾರು ಎರಡು ವಾರದಲ್ಲಿ 9:15ಕ್ಕೆ ಬರುತ್ತೀರಿ. ಅಲ್ಲಿ ನಿಲ್ಲಿಸಿ. 9:15ರಿಂದ 7ರವರೆಗೆ, ಜೊತೆಗೆ ಹಗಲಿನ ಒಂದೂವರೆ ಗಂಟೆ, ಹನ್ನೊಂದು ಗಂಟೆ ಆಗಿಬಿಡುತ್ತದೆ. ಯಾವುದಾದರೂ ಮೆಟ್ಟಿಲಲ್ಲಿ ಮತ್ತೆ ಮುಕ್ಕಾಲು ಗಂಟೆ ಹೊರಳಾಡಿದರೆ ನೀವು ಬೇಗ ಇಳಿದಿದ್ದೀರಿ ಅಂತ ಅರ್ಥ, ಒಂದು ಮೆಟ್ಟಿಲು ಹಿಂದೆ ಹೋಗಿ ಮೂರು ದಿನ ಅಲ್ಲೇ ಇರಿ.

ಹಾಸಿಗೆಗೆ ಮುಂಚಿನ ಅರ್ಧ ಗಂಟೆ ದಿನಾ ಒಂದೇ ಕ್ರಮದಲ್ಲಿ ನಡೆಯಬೇಕು. ಏನು ಕ್ರಮ ಅನ್ನೋದು ನಿಮ್ಮ ಮನೆಗೆ ಬಿಟ್ಟದ್ದು, ಆದರೆ ಅವಳು ಆಮೇಲೆ ಕೇಳುವ ಪ್ರತಿಯೊಂದೂ ಅದರಲ್ಲಿ ಮೊದಲೇ ಬಂದಿರಬೇಕು. ಹಸಿವು ಅಂತಾಳೆ, ಹಾಗಾದರೆ ಒಂದು ಬಾಳೆಹಣ್ಣು ಮೊದಲೇ ಕೊಟ್ಟು ‘ಇವತ್ತಿನ ತಿನ್ನೋದು ಮುಗೀತು’ ಅಂತ ಹೇಳಿ ಹಲ್ಲುಜ್ಜಿಸಿ. ಅಜ್ಜಿ ಬೇಕು ಅಂತಾಳೆ, ಅಜ್ಜಿಯ ಹತ್ತಿರ ಹೋಗಿ ಮುತ್ತು ಕೊಟ್ಟು ಬರುವುದೇ ಒಂದು ಹಂತವಾಗಲಿ. ಸೊಳ್ಳೆ ಅಂತಾಳೆ, ಪರದೆಯನ್ನು ಅವಳ ಕೈಯಲ್ಲೇ ಇಳಿಸಿಸಿ. ಸುಸ್ಸು, ಎರಡು ಗುಟುಕು ನೀರು, ಎರಡು ಕಥೆ. ಎರಡು ಅಂದರೆ ಎರಡೇ, ಪುಸ್ತಕಗಳನ್ನು ಅವಳೇ ಆರಿಸಿ ದಿಂಬಿನ ಮೇಲೆ ಇಡಲಿ, ಎಷ್ಟು ಉಳಿದಿದೆ ಅಂತ ಅವಳಿಗೇ ಕಾಣುತ್ತದೆ. ಕೊನೆಗೆ ಒಂದು ಹಾಡು, ದಿನಾ ಅದೇ ಹಾಡು. ಅಪ್ಪನ ಪಾಲು 8:45ಕ್ಕೆ ಮೊಬೈಲ್ ಪಕ್ಕಕ್ಕಿಟ್ಟು ಕುದುರೆಯಾಟವೋ ಏನೋ ಒಂದು, ಹದಿನೈದು ಇಪ್ಪತ್ತು ನಿಮಿಷ, ಬೆವರು ಬರುವಷ್ಟು ಆದರೂ ಪರವಾಗಿಲ್ಲ. ಸಮಯ 9:15ಕ್ಕೆ ಇಳಿದ ಮೇಲೆ ಕುದುರೆಯಾಟದ ಬದಲು ಆ ಎರಡು ಕಥೆಗಳೇ ಅಪ್ಪನವಾಗಲಿ.

ಬೆಳಕಿನ ಬಗ್ಗೆ ಒಂದು ಮಾತು. ಪುಟ್ಟ ಮಕ್ಕಳ ಕಣ್ಣು ಸಂಜೆಯ ಬೆಳಕಿಗೆ ನಮಗಿಂತ ಸೂಕ್ಷ್ಮ. ಮಲಗುವ ಮುಂಚಿನ ಒಂದು ಗಂಟೆಯ ಪ್ರಖರ ಬೆಳಕು, ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ಹಾರ್ಮೋನನ್ನು ಬಹುಪಾಲು ಅಡಗಿಸಿಬಿಡುತ್ತದೆ ಅಂತ 3ರಿಂದ 5 ವರ್ಷದ ಮಕ್ಕಳ ಮೇಲೆ ಕೊಲರಾಡೊದಲ್ಲಿ ಮಾಡಿದ ಪರೀಕ್ಷೆ 2018ರಲ್ಲಿ ತೋರಿಸಿದೆ. ಟ್ಯೂಬ್‌ಲೈಟ್ ಆರಿಸಿ, ಹಳದಿ ಸಣ್ಣ ಬಲ್ಬ್ ಸಾಕು. ಹಾಲ್‌ನಲ್ಲಿ ಅಜ್ಜಿಯ ಧಾರಾವಾಹಿ ನಡೆಯುತ್ತಿದ್ದರೆ ನಿಲ್ಲಿಸಿ ಅಂತ ನಾನು ಹೇಳಲಾರೆ, ಆ ಜಗಳಕ್ಕೆ ನನ್ನಲ್ಲಿ ಔಷಧಿ ಇಲ್ಲ. ಸೌಂಡ್ ಕಮ್ಮಿ ಮಾಡಿ, ರೂಮಿನ ಬಾಗಿಲು ಓರೆ ಮಾಡಿದರೆ ಆಯಿತು.

ಈಗ ದೀಪ ಆರಿದ ಮೇಲಿನ ಮಾತು. ಗಡಿಯಾರ ಸರಿ ಮಾಡಿದ ಮೇಲೂ ‘ಅಮ್ಮಾ ನೀರು’ ಬಂದೇ ಬರುತ್ತದೆ, ಅಭ್ಯಾಸ ಆಗಿದೆಯಲ್ಲ. ಇದಕ್ಕೆ ಒಂದು ಸರಳ ಉಪಾಯವಿದೆ. ಅಮೆರಿಕದ ನೆಬ್ರಾಸ್ಕದಲ್ಲಿ ಪ್ಯಾಟ್ರಿಕ್ ಫ್ರೀಮನ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಜೊತೆಗಾರರು 1999ರಲ್ಲಿ ಪ್ರಕಟಿಸಿದ್ದು. ಮಗುವಿಗೆ ಮಲಗುವಾಗ ಒಂದು ಚೀಟಿ ಕೊಡುವುದು. ಚೀಟಿ ಕೊಟ್ಟರೆ ಒಂದು ಬೇಡಿಕೆ ಈಡೇರುತ್ತದೆ, ಚೀಟಿ ವಾಪಸ್. ಆಮೇಲೆ ಇಲ್ಲ. 2007ರಲ್ಲಿ 3ರಿಂದ 6 ವರ್ಷದ 19 ಮಕ್ಕಳಲ್ಲಿ ಹೋಲಿಸಿ ನೋಡಿದಾಗಲೂ ಕೂಗಿ ಕರೆಯುವುದು, ಎದ್ದು ಬರುವುದು ಕಮ್ಮಿಯಾಗಿತ್ತು. ಅಧ್ಯಯನ ಚಿಕ್ಕದು, ನಿಮ್ಮ ಮಗಳು ಆ ವಯಸ್ಸಿಗಿಂತ ಎರಡು ತಿಂಗಳು ಚಿಕ್ಕವಳು. ‘ಖಾಲಿ ಆಯ್ತು’ ಅನ್ನೋದು ಅರ್ಥವಾಗುವ ಮಗುವಾದರೆ ಮಾಡಬಹುದು. ಹಳೇ ಮದುವೆ ಕಾರ್ಡ್ ಕತ್ತರಿಸಿ ಎರಡು ಚೀಟಿ ಮಾಡಿ, ಅವಳೇ ಚಿತ್ರ ಗೀಚಲಿ. ಮೊದಲು ಹಗಲಲ್ಲಿ ಗೊಂಬೆ ಮಲಗಿಸುವ ಆಟ ಆಡಿಸಿ ಅಭ್ಯಾಸ ಮಾಡಿಸಿ. ಬೇಡಿಕೆ ಎರಡು ಮೂರು ನಿಮಿಷದಲ್ಲಿ ಮುಗಿಯುವಂಥದ್ದಾಗಿರಬೇಕು, ಅಪ್ಪಿಕೋ, ಇನ್ನೊಮ್ಮೆ ಹಾಡು ಹೇಳು, ಅಂಥದ್ದು. ಹತ್ತು ದಿನವಾದ ಮೇಲೆ ಒಂದೇ ಚೀಟಿ.

ಚೀಟಿ ಮುಗಿದ ಮೇಲೆ ನಿಮ್ಮ ಬಾಯಲ್ಲಿ ಒಂದೇ ವಾಕ್ಯ ಇರಬೇಕು. ‘ಚೀಟಿ ಮುಗೀತು ಪುಟ್ಟಿ, ಈಗ ಮಲಗೋ ಹೊತ್ತು.’ ಅದೇ ಪದ, ಅದೇ ದನಿ. ಯಾಕೆ ಮಲಗಬೇಕು, ನಾಳೆ ಪ್ಲೇಹೋಮ್ ಇದೆ, ಮಿಸ್ ಬೈತಾರೆ ಅಂತೆಲ್ಲ ವಿವರಿಸಲು ಹೋಗಬೇಡಿ. ಕತ್ತಲಲ್ಲಿ ಅಮ್ಮನ ಜೊತೆ ಹರಟೆ ಸಿಕ್ಕಿದರೆ ಅದಕ್ಕಿಂತ ಬಹುಮಾನ ಇಲ್ಲ, ಬೈಗುಳವೂ ಅದರಲ್ಲಿ ಸೇರುತ್ತದೆ. ಪಕ್ಕದಲ್ಲೇ ಮಲಗಿ, ಕಣ್ಣು ಮುಚ್ಚಿ, ಕೈ ಅವಳ ಬೆನ್ನ ಮೇಲಿರಲಿ. ಎದ್ದು ಹೋದರೆ ಮಾತಿಲ್ಲದೆ ಕೈ ಹಿಡಿದು ತಂದು ಮಲಗಿಸಿ. ನೀರಿನ ಸಿಪ್ಪರ್ ದಿಂಬಿನ ಪಕ್ಕದಲ್ಲೇ ಇರಲಿ, ಅದಕ್ಕೆ ಚೀಟಿ ಬೇಡ, ಅಮ್ಮನೂ ಬೇಡ. ಸುಸ್ಸು ಅಂದರೆ ಯಾವಾಗಲೂ ಕರೆದುಕೊಂಡು ಹೋಗಿ, ಅದಕ್ಕೂ ಚೀಟಿ ಕೇಳಬೇಡಿ. ಆದರೆ ದೊಡ್ಡ ಲೈಟ್ ಇಲ್ಲ, ಮಾತಿಲ್ಲ, ದಾರಿಯಲ್ಲಿ ಅಜ್ಜಿ ದರ್ಶನ ಇಲ್ಲ. ಬೇಜಾರಿನ ಸುಸ್ಸು ಮೂರ್ನಾಲ್ಕು ರಾತ್ರಿಯಲ್ಲಿ ತಾನೇ ಕಮ್ಮಿಯಾಗುತ್ತದೆ. ಜ್ವರ, ಕಿವಿ ನೋವು, ನಿಜವಾದ ಭಯ ಇವಕ್ಕೂ ಲೆಕ್ಕ ಇಲ್ಲ.

ನನ್ನ ಬಳಿ ಬಂದ ಒಂದು ಕುಟುಂಬದ ಕಥೆ ಹೇಳುತ್ತೇನೆ, ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಮೂರು ವರ್ಷ ದಾಟಿದ ಹುಡುಗ, ಅವನದ್ದೂ ಸಂಜೆ ಐದರವರೆಗೆ ನಿದ್ದೆ. ಮಧ್ಯಾಹ್ನ ಬೇಗ ಮಲಗಿಸಿ, ರಾತ್ರಿಯ ಸಮಯ ಹೊಂದಿಸಿ, ಎರಡನೇ ವಾರದಲ್ಲಿ ಚೀಟಿ ಶುರು ಮಾಡಿದರು. ಅಮ್ಮ ಗೋಡೆಯ ಕ್ಯಾಲೆಂಡರ್ ಮೇಲೆ ಎಷ್ಟು ಸಲ ಕರೆದ ಅಂತ ಗೆರೆ ಎಳೆದಿದ್ದರು. ಮೊದಲ ರಾತ್ರಿ 17 ಗೆರೆ, ಎರಡನೆಯದು 9, ಮೂರನೆಯದು 6. ಎಲ್ಲರಿಗೂ ಖುಷಿ. ಮೂರನೇ ರಾತ್ರಿಯೇ ಅಪ್ಪ ಪಾಪ ಅಂತ ಕೊನೆಯಲ್ಲಿ ಒಂದು ಬಿಸ್ಕೆಟ್ ಕೊಟ್ಟಿದ್ದರು, ಅಮ್ಮನಿಗೆ ಹೇಳಿರಲಿಲ್ಲ. ನಾಲ್ಕನೇ ರಾತ್ರಿ 26 ಗೆರೆ, ಬಿಸ್ಕೆಟ್ ಬಿಸ್ಕೆಟ್ ಅಂತ ಉರುಳಾಟ. ‘ಡಾಕ್ಟ್ರೇ, ಇದು ನಮ್ಮ ಮಗುಗೆ ಆಗಲ್ಲ’ ಅಂತ ಫೋನ್ ಬಂತು. ಬಿಸ್ಕೆಟ್ ವಿಷಯ ಹೊರಬಿದ್ದದ್ದು ಆಗಲೇ. ಮತ್ತೆ ಅದೇ ನಿಯಮಕ್ಕೆ ಬಂದ ಮೇಲೆ ಒಂಬತ್ತನೇ ರಾತ್ರಿ 2 ಗೆರೆ, ಎರಡೂ ಚೀಟಿ ಕೊಟ್ಟು ಕೇಳಿದ್ದು. ಬಿಸ್ಕೆಟ್ ಕೊಡದಿದ್ದರೂ ಒಂದು ರಾತ್ರಿ ಹೀಗೆ ಜೋರಾಗುವುದುಂಟು, ಹಳೇ ದಾರಿ ಮುಚ್ಚಿದಾಗ ಮಗು ಒಂದು ಸಲ ಗಟ್ಟಿಯಾಗಿ ತಳ್ಳಿ ನೋಡುತ್ತದೆ. ಆ ರಾತ್ರಿ ಬಿಟ್ಟುಕೊಟ್ಟರೆ ಶುರು ಮಾಡದೇ ಇದ್ದದ್ದೇ ಮೇಲು. ಮನೆಯಲ್ಲಿ ಹಬ್ಬ, ನೆಂಟರು, ಮಗುವಿಗೆ ಶೀತ ಇರುವ ವಾರದಲ್ಲಿ ಶುರು ಮಾಡಬೇಡಿ ಅನ್ನುವುದು ಅದಕ್ಕೇ.

ಕೆಲವು ಸಲ ಇದು ನೆಪ ಅಲ್ಲವೇ ಅಲ್ಲ. ಬಾಯಿ ತೆರೆದು ದಿನಾ ಗೊರಕೆ ಹೊಡೆಯುತ್ತಾಳಾ ನೋಡಿ, ಮೂಗಿನ ಹಿಂದಿನ ಅಡಿನಾಯ್ಡ್ ದಪ್ಪ ಆಗಿರಬಹುದು. ಮಲಗಿದ ಮೇಲೆ ಗುದದ ಹತ್ತಿರ ಕೆರೆದುಕೊಂಡರೆ ಜಂತುಹುಳು, ಅದು ರಾತ್ರಿಯೇ ಕಾಡುವುದು. ಕಾಲು ಉಜ್ಜುತ್ತಾ, ಒದೆಯುತ್ತಾ ‘ಕಾಲು ಒತ್ತು’ ಅಂತ ದಿನಾ ಕೇಳಿದರೆ ಕಬ್ಬಿಣಾಂಶ ಕಮ್ಮಿಯಾಗಿರಬಹುದು, ಅನ್ನ ಬಿಟ್ಟು ಹಾಲಿನ ಮೇಲೇ ಇರುವ ಮಕ್ಕಳಲ್ಲಿ ನಾನು ಇದನ್ನು ಜಾಸ್ತಿ ನೋಡುತ್ತೇನೆ, ದಿನಕ್ಕೆ ಅರ್ಧ ಲೀಟರ್ ದಾಟಿದರೆ ಕಮ್ಮಿ ಮಾಡಿ. ಇವುಗಳಲ್ಲಿ ಯಾವುದಿದ್ದರೂ ಚೀಟಿ ಕತ್ತರಿಸುವ ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ.

ನೀವು ಕಿರುಚುವ ವಿಷಯ. ಎರಡು ಗಂಟೆ ಕತ್ತಲಲ್ಲಿ ಒದ್ದಾಡಿದರೆ ನಾನೂ ಕಿರುಚುತ್ತೇನೆ, ಕಿರುಚಿದ್ದೇನೆ ಕೂಡ. ಅದು ಬರುವುದು ಸಾಮಾನ್ಯವಾಗಿ ಒಂದು ಗಂಟೆ ದಾಟಿದ ಮೇಲೆ, ಹಾಗಾಗಿ ಹಾಸಿಗೆಯ ಹೊತ್ತನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿದರೆ ಅರ್ಧ ಸಿಟ್ಟು ಅಲ್ಲೇ ಹೋಗುತ್ತದೆ. ಗಂಟಲಿಗೆ ಬಂತು ಅನಿಸಿದರೆ ಗಂಡನಿಗೆ ಕೈ ಬದಲಿಸಿ ಹೊರಗೆ ಬನ್ನಿ, ಆದರೆ ಅವರೂ ಅದೇ ವಾಕ್ಯವನ್ನೇ ಹೇಳಬೇಕು. ಅತ್ತೆಗೂ ಅದನ್ನೇ ಕಲಿಸಿ. ಅವರ ಕೈಗೆ ಆ ಚೀಟಿ ಡಬ್ಬಿ ಕೊಟ್ಟು ‘ದಿನಾ ನೀವೇ ಎಣಿಸಿ ಕೊಡಿ’ ಅಂದು ನೋಡಿ, ಮೂರನೇ ಚೀಟಿ ಕೇಳಿದಾಗ ಇಲ್ಲ ಅನ್ನುವುದರಲ್ಲಿ ಅಜ್ಜಿಯರು ನಮಗಿಂತ ಗಟ್ಟಿ.